ಫಾಲೋವರ್ಸ್ ನೋಡಿ ದರ ಹೇಳಬ್ಯಾಡ್ರಿ

ನಮ್ಮ ಸೊಲ್ಲಾಪುರ, ಅಕ್ಕಲಕೋಟ ಕಡೆ ಈಗ ಭಾಳ ಹುಡುಗ ಹುಡುಗ್ಯಾರು ಇನ್‌ಸ್ಟಾಗ್ರಾಮಿನಲ್ಲಿ ರೀಲ್ಸ್ ಮಾಡ್ತಾರೆ. ಅಂಗಡಿಯವರು "ನಮ್ಮ ಮಾಲಿನ ಮೇಲೆ ಒಂದು ರೀಲ್ ಮಾಡಿಕೊಡ್ರಿ" ಅಂತ ಬರ್ತಾರೆ. ಮೊದಲ ಪ್ರಶ್ನೆ, "ಫಾಲೋವರ್ಸ್ ಎಷ್ಟು?" ಕಡಿಮೆ ಇದ್ರೆ ಎರಡು ಪಾಕೀಟು ಮಾಲು, ಐದುನೂರು ರೂಪಾಯಿ. ಕೂಲಿ ಎಷ್ಟು ಅಂತ ಕೊಡುವವರೇ ಹೇಳೋ ಪದ್ಧತಿ ಇಲ್ಲಿಗೂ ಬಂತು ನೋಡ್ರಿ.

ಒಂದು ಲೆಕ್ಕ ಹಾಕೋಣ. ಜೋಳದ ರೊಟ್ಟಿ, ಪಲ್ಯದ ರೀಲ್ಸ್ ಮಾಡುವ ನಮ್ಮ ತಂಗಿಯೊಬ್ಬಳಿಗೆ 4,000 ಫಾಲೋವರ್ಸ್ ಇದ್ದಾರೆ ಅಂತ ಇಟ್ಕೊಳ್ರಿ. ಶೇಂಗಾ ಚಟ್ನಿ ಮಾರುವವರು ಬಂದಾರ. ಅವರು ಹಿಂದೆ 30,000 ಫಾಲೋವರ್ಸ್ ಇದ್ದ ಪೇಜಿಗೆ 3,000 ರೂಪಾಯಿ ಕೊಟ್ಟಿದ್ದರು. ಆ ರೀಲಿಗೆ ಲೈಕ್, ಕಮೆಂಟ್, ಶೇರ್, ಸೇವ್ ಎಲ್ಲಾ ಕೂಡಿ ಬಂದದ್ದು 60. ಅಂದ್ರೆ ಒಂದು ಪ್ರತಿಕ್ರಿಯೆಗೆ 50 ರೂಪಾಯಿ ಬಿತ್ತು.

ಈಗ ತಂಗಿ ತನ್ನ ಕೊನೆಯ ಹನ್ನೊಂದು ರೀಲ್‌ಗಳ Insights ತೆಗೀಬೇಕು. ಎಷ್ಟು ಜನರಿಗೆ ತಲುಪಿತು, ಎಷ್ಟು ಪ್ರತಿಕ್ರಿಯೆ ಬಂತು ಅಂತ ಬರೆದು, ದೊಡ್ಡದರಿಂದ ಸಣ್ಣದಕ್ಕೆ ಸಾಲಾಗಿ ಇಟ್ಟು, ನಡುವಿನದನ್ನು ಹಿಡೀಬೇಕು. ಸರಾಸರಿ ಬ್ಯಾಡ. ಒಂದು ರೀಲ್ ಅಕಸ್ಮಾತ್ ವೈರಲ್ ಆಗಿದ್ರೆ ಸರಾಸರಿ ಸುಳ್ಳು ಹೇಳ್ತದ, ಆಮೇಲೆ ಅಷ್ಟು ಬರದಿದ್ರೆ ಮಾತು ಹೋಗ್ತದ. ನಡುವಿನ ರೀಲ್ 5,000 ಜನರಿಗೆ ತಲುಪಿ 500 ಪ್ರತಿಕ್ರಿಯೆ ಬಂದಿದ್ರೆ ಅದು ನೂರಕ್ಕೆ ಹತ್ತು. ಆಕೆ 2,500 ಕೇಳಿದರೂ ಅಂಗಡಿಯವರಿಗೆ ಒಂದು ಪ್ರತಿಕ್ರಿಯೆ 5 ರೂಪಾಯಿಗೇ ಸಿಗ್ತದ. ಸ್ಕ್ರೀನ್‌ಶಾಟ್ ಮುಂದಿಟ್ಟು ಇದನ್ನೇ ಹೇಳಬೇಕು. "500 ಜನ" ಅನ್ನಬಾರದು, ಒಬ್ಬರೇ ಲೈಕೂ ಮಾಡಿ ಶೇರೂ ಮಾಡಿರ್ತಾರೆ.

ಬರೀ ಶೇಕಡಾ ಹೇಳಿದರೂ ಸಾಲದು. ನೂರು ಜನ ನೋಡಿ ಇಪ್ಪತ್ತು ಮಂದಿ ಲೈಕ್ ಕೊಟ್ಟರೆ ಶೇಕಡಾ 20, ಆದರೆ ಮಾಲಿನವರಿಗೆ ಅದರಿಂದ ಏನು ಬಂತು? ಕಮೆಂಟ್ ಓದಿ ನೋಡ್ರಿ. ಗೆಳೆಯರು ಹಾಕಿದ ಬೆಂಕಿ ಚಿತ್ರಗಳೋ, ಅಥವಾ "ಎಲ್ಲಿ ಸಿಗ್ತದ್ರಿ, ಕಿಲೋಕ್ಕ ಎಷ್ಟು?" ಅನ್ನೋವೋ? ಎರಡನೆಯ ತರಹದವು ಹತ್ತು ಇದ್ರೂ ತೋರಿಸ್ರಿ. ಬಹುಮಾನ ಇಟ್ಟು ಕಮೆಂಟ್ ಮಾಡಿಸಿದ ರೀಲನ್ನು ಲೆಕ್ಕದಿಂದ ತೆಗೀರಿ. ಮಾರಾಟ ಇಷ್ಟೇ ಆಗ್ತದ ಅಂತ ಮಾತು ಮಾತ್ರ ಕೊಡಬ್ಯಾಡ್ರಿ, ಅದು ನಮ್ಮ ಕೈಯಾಗಿಲ್ಲ.

ದರಕ್ಕೆ ಒಂದು ತಳ ಇರಬೇಕು. ಒಂದು ದಿನದ ಕೂಲಿ, ಸಾಮಾನಿನ ಖರ್ಚು, ಬಸ್ಸಿನ ಚಾರ್ಜು ಕೂಡಿಸಿದ್ರೆ 1,000 ಆಗ್ತದ ಅಂದ್ರೆ, ಪ್ರತಿಕ್ರಿಯೆ ಎಷ್ಟೇ ಇರಲಿ, ಅದರ ಕೆಳಗೆ ಒಪ್ಪಬ್ಯಾಡ್ರಿ.

ಇನ್ನೊಂದು. ಅಂಗಡಿಯವರು ನಿಮ್ಮ ರೀಲನ್ನೇ ರೊಕ್ಕ ಕೊಟ್ಟು ಜಾಹೀರಾತಾಗಿ ಓಡಿಸ್ತೀವಿ ಅಂದ್ರೆ ಅದು ಬೇರೆ ವ್ಯವಹಾರ. ಎಷ್ಟು ದಿನ, ಎಲ್ಲೆಲ್ಲಿ ಅಂತ ವಾಟ್ಸಾಪಿನಲ್ಲಿ ಬರೆಸಿಕೊಂಡು ಬೇರೆ ದರ ಹಚ್ಚಿರಿ. ರೊಕ್ಕ ಇರಲಿ, ಚಟ್ನಿ ಪಾಕೀಟೇ ಇರಲಿ, ತಗೊಂಡ ಮೇಲೆ Paid partnership ಅನ್ನೋ ಲೇಬಲ್ ಹಾಕ್ರಿ. "ಅದನ್ನು ಮುಚ್ಚಿಡು" ಅನ್ನುವವರ ಕೆಲಸ ಹಿಡೀಬ್ಯಾಡ್ರಿ.