ಶಾಲೆಯ ಪಾವತಿಯನ್ನು ಓದುವ ಬಗೆ
(ಶೇಂದ್ರಾದಲ್ಲಿ ಸಂಘದ ವಾಚನಾಲಯದ ಸಭೆಯಲ್ಲಿ ಮಾಡಿದ ಭಾಷಣ)



ಆದಾಯ ತೆರಿಗೆಯ ಲೆಕ್ಕದಲ್ಲಿ ಮಕ್ಕಳ ಶಾಲೆಯ ಫೀಯನ್ನು ತೋರಿಸುವುದು ಹೇಗೆ ಎಂದು ನಮ್ಮಲ್ಲಿ ಅನೇಕರು ಕೇಳುತ್ತ ಬಂದಿದ್ದಾರೆ. ನಾವು ವಕೀಲರಲ್ಲ, ಗಿರಣಿಯ ಕಾರಕೂನರು. ಕಾಗದಗಳನ್ನು ಸಾಲುಸಾಲಾಗಿ ಓದುವುದೇ ನಮ್ಮ ದಿನದ ಕೆಲಸ. ಇಂದು ಶಾಲೆಯ ಪಾವತಿಯನ್ನು ಅದೇ ರೀತಿ ಓದಿ ತೋರಿಸುತ್ತೇವೆ.

ಮೊದಲಿಗೆ, ಈ ಕೆಲಸ ಯಾರಿಗೆ ಬೇಕು ಎಂಬುದನ್ನು ಹೇಳಬೇಕು. ಫೀಯ ರಿಯಾಯಿತಿ ಇರುವುದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. 2023-24ರಿಂದ ಹೊಸ ಪದ್ಧತಿಯೇ ತಾನಾಗಿ ಅನ್ವಯಿಸುತ್ತದೆ. ಹಳೆಯದು ಬೇಕಾದವರು ಕೇಳಿ ಪಡೆಯಬೇಕು. 2025-26ನೆಯ ಸಾಲಿಗೆ ಹೊಸ ಪದ್ಧತಿಯಲ್ಲಿ ವರ್ಷದ ಪಗಾರ ಹನ್ನೆರಡು ಲಕ್ಷ ಎಪ್ಪತ್ತೈದು ಸಾವಿರದೊಳಗೆ ಇದ್ದು, ಬೇರೆ ಆದಾಯವಿಲ್ಲದಿದ್ದರೆ, ತೆರಿಗೆಯೇ ಬೀಳುವುದಿಲ್ಲ. ಅಂಥವರು ಆ ಸಾಲಿಗೆ ಪಾವತಿ ಹುಡುಕಿ ದಣಿಯಬೇಕಾಗಿಲ್ಲ. ಆದರೆ ಅದಕ್ಕಿಂತ ಹೆಚ್ಚು ಪಗಾರವಿದ್ದು, ಬಾಡಿಗೆ, ಮನೆ ಸಾಲ ಮೊದಲಾದವುಗಳ ದೆಸೆಯಿಂದ ಹಳೆಯ ಪದ್ಧತಿಯನ್ನೇ ಹಿಡಿದವರಿಗೂ, ಹಿಂದಿನ ಸಾಲುಗಳಲ್ಲಿ ಫೀ ತೋರಿಸಿದ್ದು ಈಗ ಇಲಾಖೆಯಿಂದ ಪತ್ರ ಬಂದವರಿಗೂ ಈ ವಿಷಯ ಬೇಕು. ಸುಳ್ಳು ರಿಯಾಯಿತಿಗಳ ಬಗ್ಗೆ ಇಲಾಖೆಯು 2025ರ ಜುಲೈ ತಿಂಗಳಲ್ಲಿ ದೇಶದ ಹಲವೆಡೆ ತಪಾಸಣೆ ನಡೆಸಿದ್ದು ನಿಮಗೆ ತಿಳಿದೇ ಇದೆ.

ಇನ್ನು ಕಾಯಿದೆಯ ಮಾತು. 1961ರ ಆದಾಯ ತೆರಿಗೆ ಕಾಯಿದೆಯ 80ಸಿ ಕಲಮಿನಲ್ಲಿ ಇದು ಬರುತ್ತದೆ. 2026ರ ಏಪ್ರಿಲ್ 1ರಿಂದ ಅನ್ವಯಿಸುವ 2025ರ ಕಾಯಿದೆಯಲ್ಲಿ ಇದೇ ವಿಷಯ 123ನೆಯ ಕಲಮಿನಲ್ಲಿದೆ. ಭಾರತದೊಳಗಿನ ಶಾಲೆ ಅಥವಾ ಕಾಲೇಜಿಗೆ, ಯಾವುದೇ ಇಬ್ಬರು ಮಕ್ಕಳ ಪೂರ್ಣಕಾಲದ ಓದಿಗಾಗಿ ಕೊಟ್ಟ ಟ್ಯೂಷನ್ ಫೀ ಇದಕ್ಕೆ ಸಲ್ಲುತ್ತದೆ. ಅಭಿವೃದ್ಧಿ ಶುಲ್ಕ, ದೇಣಿಗೆ ಮತ್ತು ಅದೇ ಬಗೆಯ ಹಣ ಸಲ್ಲುವುದಿಲ್ಲ. ಶಿಶುವಿಹಾರದ ಫೀ ಸಹ ಸಲ್ಲುತ್ತದೆ.

ಇಲ್ಲಿಯೇ ಒಂದು ತೊಡಕು ಇದೆ. ನಾವು ಮನೆಯಲ್ಲಿ 'ಟ್ಯೂಷನ್' ಎಂದರೆ ಸಂಜೆ ಮಾಸ್ತರರ ಮನೆಗೆ ಹೋಗಿ ಕಲಿಯುವ ಪಾಠ. ಇಲ್ಲಿನ ಮರಾಠಿಯಲ್ಲಿ ಅದನ್ನು 'ಶಿಕವಣಿ ವರ್ಗ' ಎನ್ನುತ್ತಾರೆ. ಕಾಯಿದೆ ಹೇಳುವ ಟ್ಯೂಷನ್ ಫೀ ಅದಲ್ಲ. ಅದು ಶಾಲೆಯೇ ಪಾಠ ಹೇಳುವುದಕ್ಕೆ ತೆಗೆದುಕೊಳ್ಳುವ ಫೀ. ಹೆಸರು ಒಂದೇ ಆದುದರಿಂದ ಹಲವರು ಕ್ಲಾಸಿನ ಪಾವತಿಯನ್ನೇ ಮೊದಲು ತಂದು ಮುಂದಿಡುತ್ತಾರೆ. ಅದನ್ನು ಬದಿಗೆ ಇಡಬೇಕು.

ಮರಾಠಿ ಪಾವತಿಯ ಸಾಲುಗಳನ್ನು ಹೀಗೆ ಓದಿರಿ. 'ಶಿಕ್ಷಣ ಶುಲ್ಕ' ಎಂದಿದ್ದರೆ ಅದೇ ನಮಗೆ ಬೇಕಾದ ಸಾಲು. 'ವಿಕಾಸ ನಿಧಿ' ಅಭಿವೃದ್ಧಿಯ ಹಣ, 'ದೇಣಗಿ' ದೇಣಿಗೆ. ಇವನ್ನು ಕಾಯಿದೆಯೇ ಹೊರಗಿಟ್ಟಿದೆ. 'ಅನಾಮತ ರಕ್ಕಮ' ಎಂಬುದು ತಿರುಗಿ ಬರುವ ಠೇವಣಿ. ಅದು ಫೀಯೇ ಅಲ್ಲ. ಬಸ್ಸು, ಸಮವಸ್ತ್ರ, ಪುಸ್ತಕ, ಊಟ, ವಸತಿ, ತಡವಾದ ದಂಡ, ಇವೂ ಪಾಠದ ಹಣವಲ್ಲ.

'ಸತ್ರ ಶುಲ್ಕ', 'ಪರೀಕ್ಷಾ ಶುಲ್ಕ', ಗ್ರಂಥಾಲಯ, ಪ್ರಯೋಗಶಾಲೆ, ಇವು ನಡುವಿನವು. ಪಗಾರದ ತೆರಿಗೆಯ ಬಗ್ಗೆ ಕೇಂದ್ರ ಮಂಡಳಿ ಹೊರಡಿಸಿದ ಸುತ್ತೋಲೆಗಳಲ್ಲಿ, ಅಭಿವೃದ್ಧಿ ಶುಲ್ಕ, ದೇಣಿಗೆ, ಕ್ಯಾಪಿಟೇಷನ್ ಮತ್ತು ಅಂಥವುಗಳ ಹೊರತು ಸಂಸ್ಥೆಗೆ ಕೊಟ್ಟ ಫೀ ಸೇರುತ್ತದೆ ಎಂಬ ವಿಶಾಲವಾದ ಮಾತಿದೆ. ಆದರೆ ಅನೇಕ ಕಚೇರಿಗಳು ಟ್ಯೂಷನ್ ಎಂದು ಬರೆದ ಸಾಲನ್ನು ಮಾತ್ರ ಒಪ್ಪುತ್ತವೆ. ಆದುದರಿಂದ ನಡುವಿನ ಸಾಲುಗಳನ್ನು ಬೇರೆ ಪಟ್ಟಿಯಲ್ಲಿ ಬರೆದು, ಕಚೇರಿಯವರನ್ನು ಕೇಳಿಯೇ ಸೇರಿಸುವುದು ಲೇಸು.

ಈಗ ಒಂದು ಲೆಕ್ಕ. 2024-25ನೆಯ ಸಾಲು. ಶೇಂದ್ರಾ ಎಂ.ಐ.ಡಿ.ಸಿ.ಯ ಒಂದು ಕಾರಖಾನೆಯ ಮೇಲ್ವಿಚಾರಕರಿಗೆ ಇಬ್ಬರು ಮಕ್ಕಳು ಎಂದು ಭಾವಿಸೋಣ. ಅವರ ಕೈಯಲ್ಲಿ ನಾಲ್ಕು ಪಾವತಿಗಳು. ಒಟ್ಟು 96,500 ರೂಪಾಯಿ.

ಮೊದಲನೆಯದು ಹಿರಿಯ ಮಗಳದು, 48,500. ಅದರಲ್ಲಿ ಶಿಕ್ಷಣ ಶುಲ್ಕ 30,000, ಸತ್ರ ಶುಲ್ಕ 3,000, ಪರೀಕ್ಷೆ 1,500, ಗ್ರಂಥಾಲಯ 1,000, ವಿಕಾಸ ನಿಧಿ 5,000, ಬಸ್ಸು 8,000. ನಿಶ್ಚಯವಾಗಿ ಸಲ್ಲುವುದು 30,000. ನಡುವಿನದು 5,500.

ಎರಡನೆಯದು ಕಿರಿಯ ಮಗನದು. 'ಶಾಲಾ ಫೀ 26,000' ಎಂದು ಒಂದೇ ಸಾಲು. ಇಂಥ ಪಾವತಿಯಿಂದ ಏನೂ ತಿಳಿಯದು. ನಾವೇ ಊಹಿಸಿ ಭಾಗ ಮಾಡಲೂ ಬಾರದು. ಶಾಲೆಯ ಕಚೇರಿಗೆ ಅರ್ಜಿ ಕೊಟ್ಟು, ಬಾಬುವಾರು ವಿವರದ ಪ್ರಮಾಣಪತ್ರವನ್ನು ಸಹಿ ಮೊಹರಿನೊಂದಿಗೆ ಕೇಳಬೇಕು. ಕೇಳಿದಾಗ ಶಿಕ್ಷಣ ಶುಲ್ಕ 18,000, ಚಟುವಟಿಕೆ 2,000, ಪುಸ್ತಕ ಮತ್ತು ಸಮವಸ್ತ್ರ 6,000 ಎಂದು ಬಂದಿತೆನ್ನಿ. ಸಲ್ಲುವುದು 18,000; ನಡುವಿನದು 2,000.

ಮೂರನೆಯದು ಖಾಸಗಿ ಕ್ಲಾಸಿನ 12,000. ಅದು ಪೂರ್ತಿ ಹೊರಗೆ.

ನಾಲ್ಕನೆಯದು ಹಿರಿಯ ಮಗಳ ಮೊದಲ ಕಂತು, 10,000. ಫೀ ಬರುವ ವರ್ಷದ ತರಗತಿಯದಾದರೂ ಪಾವತಿಯ ತಾರೀಖು 2024ರ ಮಾರ್ಚ್ 28. ತೆರಿಗೆಯಲ್ಲಿ ತರಗತಿಯ ವರ್ಷವಲ್ಲ, ಹಣ ಕೊಟ್ಟ ತಾರೀಖು ಮುಖ್ಯ. ಆದುದರಿಂದ ಇದು 2023-24ರ ಲೆಕ್ಕಕ್ಕೆ ಸೇರಬೇಕು. ಈ ಸಾಲಿಗೆ ಬರುವುದಿಲ್ಲ.

ಹೀಗೆ ತೊಂಬತ್ತಾರು ಸಾವಿರದ ಐನೂರರಲ್ಲಿ ನಿಶ್ಚಯವಾಗಿ ಉಳಿದದ್ದು 48,000. ನಡುವಿನದು ಎಲ್ಲ ಸೇರಿ 7,500.

ಇನ್ನೂ ಒಂದು ಹೆಜ್ಜೆ ಇದೆ. ಪ್ರಾವಿಡೆಂಟ್ ಫಂಡು, ಜೀವವಿಮೆ, ಫೀ ಎಲ್ಲಕ್ಕೂ ಸೇರಿ ಮಿತಿ ಒಂದೂವರೆ ಲಕ್ಷ. ಈ ಗೃಹಸ್ಥರ ಫಂಡು 72,000, ವಿಮೆ 18,000, ಕೂಡಿ 90,000. ಅದಕ್ಕೆ 48,000 ಸೇರಿಸಿದರೆ 1,38,000. ನಡುವಿನದನ್ನೂ ಕಚೇರಿ ಒಪ್ಪಿದರೆ 1,45,500. ಇವರು ಪಾವತಿಗಳ ಮೊತ್ತವನ್ನು ಹಾಗೆಯೇ ಬರೆದಿದ್ದರೆ 1,86,500 ಆಗಿ, ಮಿತಿಗೆ ಇಳಿದು 1,50,000 ನಿಲ್ಲುತ್ತಿತ್ತು. ಅಂದರೆ ನಿಶ್ಚಯವಾದುದಕ್ಕಿಂತ 12,000 ಹೆಚ್ಚು. ನೂರಕ್ಕೆ ಇಪ್ಪತ್ತರ ದರದವರಿಗೆ ಸೆಸ್ ಸಹಿತ ಇದರ ತೆರಿಗೆ 2,496 ರೂಪಾಯಿ. ಸುಳ್ಳು ವಿವರ ಕೊಟ್ಟರೆಂದು ಇಲಾಖೆ ನಿರ್ಣಯಿಸಿದರೆ, ತೆರಿಗೆ ಮತ್ತು ಬಡ್ಡಿಯ ಮೇಲೆ ಆ ತೆರಿಗೆಯ ಎರಡು ಪಟ್ಟು ದಂಡ ಬೀಳಬಹುದು. ಎರಡೂವರೆ ಸಾವಿರ ಉಳಿಸಲು ಹೋಗಿ ಏಳೂವರೆ ಸಾವಿರಕ್ಕೆ ಸಿಕ್ಕಿಬೀಳುವುದು ಯಾವ ಲಾಭ?

ಫಂಡು ವಿಮೆಗಳಿಂದಲೇ ಒಂದೂವರೆ ಲಕ್ಷ ತುಂಬಿದವರು ಫೀಯ ಗೋಜಿಗೆ ಹೋಗಬೇಕಿಲ್ಲ. ಆದುದರಿಂದ ಮೊದಲು ಪಗಾರದ ಚೀಟಿಯನ್ನು ನೋಡಿ, ಆಮೇಲೆ ಶಾಲೆಯ ಪಾವತಿಯನ್ನು ಬಿಚ್ಚಿರಿ.

ಗಂಡ ಹೆಂಡತಿ ಇಬ್ಬರೂ ಸಂಪಾದಿಸುವ ಮನೆಯಲ್ಲಿ ಇಬ್ಬರಿಗೂ ತಲಾ ಇಬ್ಬರು ಮಕ್ಕಳ ಲೆಕ್ಕ ಉಂಟು. ಆದರೆ ಒಂದೇ ಹಣವನ್ನು ಇಬ್ಬರೂ ತೋರಿಸುವಂತಿಲ್ಲ. ಯಾರು ಕೊಟ್ಟರೋ ಅವರು ಮಾತ್ರ ತೋರಿಸಬೇಕು. ಬ್ಯಾಂಕಿನಿಂದ ಹಣ ಹೋದ ಗುರುತನ್ನು ಪಾವತಿಗೆ ಜೋಡಿಸಿಟ್ಟರೆ ಆ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

ಶಾಲೆಯಿಂದ ಬಾಬುವಾರು ವಿವರ ಕೇಳುವ ಅರ್ಜಿಯ ಮಾದರಿಯನ್ನು ಮರಾಠಿಯಲ್ಲಿ ಬರೆದು ವಾಚನಾಲಯದ ಮೇಜಿನ ಮೇಲೆ ಇಟ್ಟಿದ್ದೇವೆ. ಬೇಕಾದವರು ನಕಲು ಮಾಡಿಕೊಳ್ಳಬಹುದು. ಪಾವತಿ ತಂದವರಿಗೆ ರವಿವಾರ ಸಂಜೆ ಕೂತು ಓದಿಕೊಡುತ್ತೇವೆ.