ಎಂಬತ್ತು ಸಾವಿರ ಕಾಯಿಯ ಲೆಕ್ಕ



ಕಾರ್ಖಾನೆ ದೊಡ್ಡದಾದಂತೆ ಒಂದು ಕಿಲೋ ಸರಕಿಗೆ ತಗಲುವ ಖರ್ಚು ಇಳಿಯುತ್ತದೆ. ಒಂದು ಹಂತ ದಾಟಿದ ಮೇಲೆ ಅದೇ ಖರ್ಚು ಮತ್ತೆ ಏರತೊಡಗುತ್ತದೆ. ಮೊದಲನೆಯದನ್ನು ಬೃಹತ್ ಪ್ರಮಾಣದ ಮಿತವ್ಯಯ ಎನ್ನುತ್ತೇವೆ, ಎರಡನೆಯದನ್ನು ಅಪಮಿತವ್ಯಯ ಎನ್ನುತ್ತೇವೆ. ತರಗತಿಯಲ್ಲಿ ಕಪ್ಪುಹಲಗೆಯ ಮೇಲೆ ಬಟ್ಟಲಿನಾಕಾರದ ಒಂದು ಗೆರೆ ಎಳೆದು ಇದನ್ನು ಮುಗಿಸಿಬಿಡುತ್ತೇವೆ. ಆ ಗೆರೆ ಎಲ್ಲಿ ತಿರುಗುತ್ತದೆ, ಏಕೆ ತಿರುಗುತ್ತದೆ ಎಂಬುದನ್ನು ಹಲಗೆ ಹೇಳುವುದಿಲ್ಲ. ಅದನ್ನು ತಿಳಿಯಬೇಕಾದರೆ ಒಂದು ಕಾರ್ಖಾನೆಯ ಒಳಗೆ ಹೋಗಿ, ಕೆಲಸವನ್ನು ಹಂತಹಂತವಾಗಿ ಬಿಡಿಸಿ ನೋಡಬೇಕು.

ಅರಸೀಕೆರೆಯಲ್ಲಿ ನಿಂತು ಈ ಮಾತಾಡುವಾಗ ಬೇರೆ ಉದಾಹರಣೆ ಹುಡುಕುವ ಅಗತ್ಯವೇ ಇಲ್ಲ. ಅರಸೀಕೆರೆ, ತಿಪಟೂರು ಸೀಮೆ ಉಂಡೆ ಕೊಬ್ಬರಿಗೆ ಹೆಸರಾದದ್ದು. ಅದೇ ಕಾಯಿಯನ್ನು ನಂಬಿಕೊಂಡು ತೆಂಗಿನ ಪುಡಿ ಕಾರ್ಖಾನೆಗಳೂ ಈ ಸೀಮೆಯಲ್ಲಿ ನಡೆಯುತ್ತಿವೆ. ಬಿಸ್ಕತ್ತಿಗೆ, ಮಿಠಾಯಿಗೆ ಹೋಗುವ ಬಿಳಿ ಪುಡಿ ಅದು. ನಾನು ಯಾವ ಒಂದು ಕಾರ್ಖಾನೆಯ ಲೆಕ್ಕಪುಸ್ತಕವನ್ನೂ ಇಲ್ಲಿ ಬಿಚ್ಚುತ್ತಿಲ್ಲ. ದಿನಕ್ಕೆ 20,000 ಕಾಯಿ ಒಡೆಯುವ ಒಂದು ಘಟಕ 80,000 ಕಾಯಿಗೆ ಬೆಳೆಯಲು ಹೊರಟಿದೆ ಎಂದು ಇಟ್ಟುಕೊಳ್ಳೋಣ.

ಕೆಲಸ ನಡೆಯುವುದು ಹೀಗೆ. ಸುಲಿದ ಕಾಯಿ ಬರುತ್ತದೆ. ಸಣ್ಣ ಕೊಡಲಿಯಂಥ ಹತ್ಯಾರದಿಂದ ಚಿಪ್ಪು ಬಿಡಿಸಿ, ತಿರುಳು ಒಡೆಯದಂತೆ ಇಡೀ ಉಂಡೆಯನ್ನು ಹೊರತೆಗೆಯುತ್ತಾರೆ. ಅದರ ಮೇಲಿನ ಕಂದು ಸಿಪ್ಪೆಯನ್ನು ಹೆರೆಯುತ್ತಾರೆ. ಆಮೇಲೆ ಉಂಡೆ ಒಡೆದು, ನೀರು ಬಸಿದು, ತಿರುಳನ್ನು ತೊಳೆದು, ಕುದಿನೀರು ಅಥವಾ ಹಬೆಯಲ್ಲಿ ಹಾಯಿಸಿ, ತುರಿದು, ಬಿಸಿಗಾಳಿಯಲ್ಲಿ ಒಣಗಿಸಿ, ಜರಡಿ ಹಿಡಿದು ಚೀಲಕ್ಕೆ ತುಂಬುತ್ತಾರೆ. ಹಸಿ ತಿರುಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ನೀರೇ. ಪುಡಿಯಲ್ಲಿ ಅದು ನೂರಕ್ಕೆ ಮೂರು ಭಾಗದ ಒಳಗೆ ಇಳಿಯಬೇಕು. ಒಂದು ಟನ್ ಪುಡಿಗೆ ಎಂಟರಿಂದ ಹತ್ತು ಸಾವಿರ ಕಾಯಿ ಬೇಕು.

ಈ ಸಾಲಿನ ಕೊನೆಯ ಅರ್ಧವೆಲ್ಲ ಕಬ್ಬಿಣದ ಕೆಲಸ: ಬಾಯ್ಲರ್, ಡ್ರೈಯರ್, ಜರಡಿ. ದೊಡ್ಡದಾಗುವುದರ ಲಾಭ ಇರುವುದು ಇಲ್ಲಿ. ಬಾಯ್ಲರ್ ಒಳಗೆ ಹಿಡಿಯುವುದು ಅದರ ಗಾತ್ರಕ್ಕೆ ತಕ್ಕಂತೆ. ಆದರೆ ತಗಡು ಬೇಕಾಗುವುದು, ಶಾಖ ಸೋರುವುದು ಅದರ ಮೇಲ್ಮೈಗೆ ತಕ್ಕಂತೆ. ಗಾತ್ರ ಬೆಳೆದಷ್ಟು ವೇಗವಾಗಿ ಮೇಲ್ಮೈ ಬೆಳೆಯುವುದಿಲ್ಲ. ಎಂಜಿನಿಯರುಗಳು ಬಹುಕಾಲದಿಂದ ಬಳಸುವ ಒಂದು ಅಂದಾಜಿನ ಸೂತ್ರವಿದೆ: ಯಂತ್ರದ ಬೆಲೆ ಅದರ ಸಾಮರ್ಥ್ಯದ 0.6ನೇ ಘಾತದಷ್ಟು ಏರುತ್ತದೆ. ಅದರಂತೆ ಸಾಮರ್ಥ್ಯ ನಾಲ್ಕು ಪಟ್ಟಾದರೆ ಬೆಲೆ ಸುಮಾರು 2.3 ಪಟ್ಟಾಗುತ್ತದೆ. ಒಂದು ಕಿಲೋ ಪುಡಿಯ ಪಾಲಿಗೆ ಬರುವ ಯಂತ್ರದ ಬಂಡವಾಳ ನೂರಕ್ಕೆ ನಲವತ್ತರಷ್ಟು ಇಳಿಯುತ್ತದೆ. ಬಾಯ್ಲರ್ ನೋಡಿಕೊಳ್ಳುವವರು ಪಾಳಿಗೆ ಒಬ್ಬರೇ ಸಾಕು, ಅದು ಚಿಕ್ಕದಿರಲಿ ದೊಡ್ಡದಿರಲಿ. ಉರಿಸುವುದು ನಮ್ಮದೇ ಚಿಪ್ಪನ್ನು. ಬೆಳೆಯಬೇಕೆಂಬ ಮಾಲೀಕರ ಆಸೆಗೆ ಗಟ್ಟಿ ಕಾರಣವಿದೆ ಎಂದು ನಾನು ಒಪ್ಪುತ್ತೇನೆ.

ಸಾಲಿನ ಮೊದಲ ಅರ್ಧಕ್ಕೆ ಬರೋಣ. ಒಬ್ಬರು ದಿನಕ್ಕೆ ಸಾವಿರ ಕಾಯಿಯ ಚಿಪ್ಪು ಬಿಡಿಸುತ್ತಾರೆ, ಇನ್ನೊಬ್ಬರು ಅಷ್ಟೇ ಕಾಯಿಯ ಸಿಪ್ಪೆ ಹೆರೆಯುತ್ತಾರೆ ಎಂದುಕೊಂಡರೆ, 20,000 ಕಾಯಿಗೆ 40 ಜನ, 80,000 ಕಾಯಿಗೆ 160 ಜನ ಬೇಕು. ಇಲ್ಲಿ ಪೈಸೆಯ ಉಳಿತಾಯವೂ ಇಲ್ಲ, ಏಕೆಂದರೆ ಒಂದು ಕಾಯಿಗೆ ಒಂದು ಕೈ ಎಂಬ ಲೆಕ್ಕ ಬದಲಾಗುವುದಿಲ್ಲ. ಅಷ್ಟೇ ಆಗಿದ್ದರೆ ಖರ್ಚು ಸಮನಾಗಿ ಉಳಿಯುತ್ತಿತ್ತು. ಆದರೆ 40 ಜನ ಸುತ್ತಲಿನ ಊರುಗಳಿಂದ ಸಿಗುತ್ತಾರೆ, 160 ಜನ ಸಿಗುವುದಿಲ್ಲ. ದೂರದಿಂದ ಕರೆತರಲು ವ್ಯಾನು, ಉಳಿಯಲು ಶೆಡ್ಡು, ಲೆಕ್ಕ ಬರೆಯಲು ಮೇಸ್ತ್ರಿ, ಮೇಸ್ತ್ರಿಯ ಮೇಲೊಬ್ಬ ಸೂಪರ್‌ವೈಸರ್ ಬೇಕಾಗುತ್ತದೆ. ಚಿಪ್ಪು ಬಿಡಿಸುವ ಯಂತ್ರಗಳೂ ಇವೆ. ಆದರೆ ಕಾಯಿ ಎಲ್ಲ ಒಂದೇ ಗಾತ್ರದಲ್ಲಿ ಇರುವುದಿಲ್ಲ. ಮಳೆ ಕಡಿಮೆಯಾದ ವರ್ಷ ನಮ್ಮ ತೋಟಗಳ ಕಾಯಿ ಇನ್ನೂ ಸಣ್ಣದಾಗುತ್ತದೆ. ಗಾತ್ರ ಹೊಂದದ ಕಾಯಿ ಯಂತ್ರಕ್ಕೆ ಸಿಕ್ಕರೆ ತಿರುಳು ಒಡೆಯುತ್ತದೆ. ಎಲ್ಲ ಗಾತ್ರದ ಕಾಯಿಯನ್ನೂ ಒಡೆಯದೆ ಬಿಡಿಸುವ ಅಗ್ಗದ ಯಂತ್ರ ಬಂದ ದಿನ ನನ್ನ ಈ ಲೆಕ್ಕವನ್ನು ಹೊಸದಾಗಿ ಹಾಕಬೇಕಾಗುತ್ತದೆ.

ಈ ಎರಡು ಅರ್ಧಗಳು ಸಂಧಿಸುವ ಜಾಗದಲ್ಲಿ ಹೆರೆದ ಬಿಳಿ ತಿರುಳು ತುಂಬಿದ ಟಬ್ಬುಗಳು ಇರುತ್ತವೆ. ದೊಡ್ಡ ಕಾರ್ಖಾನೆಯ ಆರೋಗ್ಯ ನೋಡಬೇಕಾದರೆ ನಾನು ಮೊದಲು ಆ ಟಬ್ಬುಗಳ ಬಳಿ ನಿಲ್ಲುತ್ತೇನೆ. ಡ್ರೈಯರಿಗೆ ಒಂದೇ ಸಮನೆ ಸರಕು ಬೀಳುತ್ತಿರಬೇಕು. ಮನುಷ್ಯರ ಕೈ ಒಂದೇ ಸಮನೆ ಓಡುವುದಿಲ್ಲ. ಬೆಳಿಗ್ಗೆ ಚುರುಕು, ಊಟದ ಹೊತ್ತಿಗೆ ನಿಧಾನ, ಮಾರನೆಯ ದಿನ ಹಬ್ಬವಿದ್ದರೆ ಅರ್ಧ ಜನ ಇಲ್ಲ. ಡ್ರೈಯರ್ ಖಾಲಿ ಓಡಬಾರದೆಂದು ಟಬ್ಬುಗಳಲ್ಲಿ ತಿರುಳನ್ನು ಕೂಡಿಡುತ್ತಾರೆ. ಕೂಡಿಟ್ಟ ತಿರುಳು ಕೆಲವೇ ಗಂಟೆಗಳಲ್ಲಿ ಹುಳಿಯತೊಡಗುತ್ತದೆ. ಟಬ್ಬಿನ ನೀರು ಮಬ್ಬಾಗುತ್ತದೆ, ಮುಟ್ಟಿದರೆ ಲೋಳೆ ಹತ್ತುತ್ತದೆ. ಅದೇ ತಿರುಳಿನ ಪುಡಿ ಹಳದಿಗೆ ತಿರುಗುತ್ತದೆ, ಕೆಲವು ವಾರ ಕಳೆದರೆ ಸೋಪಿನ ರುಚಿ ಬರುತ್ತದೆ. ಅಂಥ ಚೀಲ ಕಡಿಮೆ ದರಕ್ಕೆ ಹೋಗುತ್ತದೆ, ಇಲ್ಲವೇ ವಾಪಸು ಬರುತ್ತದೆ. ಸಣ್ಣ ಘಟಕದಲ್ಲಿ ಮಾಲೀಕರು ಅಲ್ಲೇ ಓಡಾಡುತ್ತ ಟಬ್ಬು ನೋಡುತ್ತಾರೆ, ಒಂದು ಚೂರು ಬಾಯಿಗೆ ಹಾಕಿ ನೋಡುತ್ತಾರೆ. ಹತ್ತು ಟನ್ ಪುಡಿ ಹೊರಡುವ ಕಡೆ ತಿರುಳು ಹುಳಿತ ಸುದ್ದಿ ಪ್ರಯೋಗಾಲಯದ ಕಾಗದದಲ್ಲಿ ಬರುತ್ತದೆ. ಅದು ಬರುವ ಹೊತ್ತಿಗೆ ಸರಕು ಚೀಲದಲ್ಲಿರುತ್ತದೆ.

ಇದು ಬರೀ ರುಚಿಯ ಮಾತಲ್ಲ. 1950ರ ದಶಕದ ಕೊನೆಯಲ್ಲಿ ಸಿಲೋನಿನಿಂದ, ಅಂದರೆ ಇಂದಿನ ಶ್ರೀಲಂಕಾದಿಂದ, ಇಂಗ್ಲೆಂಡಿಗೆ ಹೋದ ತೆಂಗಿನ ಪುಡಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಸಿಕ್ಕಿತು. ಆ ಇಡೀ ಉದ್ಯಮ ಹೊಸ ಶುಚಿತ್ವದ ನಿಯಮಗಳಿಗೆ ಒಳಗಾಗಬೇಕಾಯಿತು. ತಿರುಳನ್ನು ಹಬೆಯಲ್ಲಿ ಹಾಯಿಸುವ ಹಂತಕ್ಕೆ ಇಷ್ಟು ಬಿಗಿ ಇರುವುದಕ್ಕೆ ಇಂಥ ಅನುಭವವೂ ಕಾರಣ. ಒಂದು ಕೆಟ್ಟ ಟಬ್ಬು 2 ಟನ್ನಿನ ಲಾಟಿಗೆ ಬೆರೆತರೆ ಹೋಗುವುದು 2 ಟನ್, 10 ಟನ್ನಿನ ಲಾಟಿಗೆ ಬೆರೆತರೆ 10 ಟನ್. ದೊಡ್ಡ ಲಾಟು ಮಾಡಿ ಪರೀಕ್ಷೆಯ ಖರ್ಚು ಉಳಿಸುವವರು ಈ ನಷ್ಟದ ಸಂಭವವನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕು.

ಇನ್ನು ಕಾರ್ಖಾನೆಯ ಗೇಟಿನ ಹೊರಗೆ. ವರ್ಷಕ್ಕೆ 300 ದಿನ, ದಿನಕ್ಕೆ 20,000 ಎಂದರೆ 60 ಲಕ್ಷ ಕಾಯಿ. ಹೆಕ್ಟೇರಿಗೆ 5,000 ಕಾಯಿ ಎಂದು ಹಿಡಿದರೆ 1,200 ಹೆಕ್ಟೇರಿನ ಫಸಲು. ಆದರೆ ಎಲ್ಲರೂ ನಮಗೇ ಮಾರುವುದಿಲ್ಲ. ಇಪ್ಪತ್ತರಲ್ಲಿ ಒಂದು ಕಾಯಿ ನಮಗೆ ಬರುತ್ತದೆ, ಸುತ್ತಲಿನ ನೆಲದ ಕಾಲುಭಾಗ ತೆಂಗು ಎಂದಿಟ್ಟುಕೊಂಡರೆ, ಕಾರ್ಖಾನೆಯ ಸುತ್ತ ಹದಿನೇಳೂವರೆ ಕಿಲೋಮೀಟರಿನ ವೃತ್ತ ಬೇಕು. ಕಾಯಿ ನಾಲ್ಕು ಪಟ್ಟಾದರೆ ವೃತ್ತದ ಅಂಚು ಎರಡು ಪಟ್ಟು ದೂರ ಹೋಗುತ್ತದೆ, ಅಂದರೆ 35 ಕಿಲೋಮೀಟರ್. ಪ್ರತಿ ಕಾಯಿಯೂ ಸರಾಸರಿ ಎರಡರಷ್ಟು ದೂರ ಬರಬೇಕು, ಒಟ್ಟು ಸಾಗಣೆ ಎಂಟು ಪಟ್ಟು. ಅರಸೀಕೆರೆಯಿಂದ 35 ಕಿಲೋಮೀಟರಿನ ವೃತ್ತ ಎಳೆದರೆ ತಿಪಟೂರು ಅದರೊಳಗೇ ಬೀಳುತ್ತದೆ. ಅಲ್ಲಿಯ ಖರೀದಿದಾರರು ಸುಮ್ಮನೆ ಕೂರುವುದಿಲ್ಲ. ಲಾರಿ ಬಾಡಿಗೆಗಿಂತ ದೊಡ್ಡ ಹೊರೆ ಇದೇ: ದೊಡ್ಡ ಖರೀದಿದಾರ ಮಾರುಕಟ್ಟೆಗೆ ಇಳಿದರೆ ತಾನು ಕೊಡಬೇಕಾದ ದರವನ್ನು ತಾನೇ ಏರಿಸುತ್ತಾನೆ. ಆ ಏರಿದ ದರವನ್ನು ಹೊಸ 60,000 ಕಾಯಿಗೆ ಮಾತ್ರವಲ್ಲ, ಹಳೆಯ 20,000 ಕಾಯಿಗೂ ಕೊಡಬೇಕಾಗುತ್ತದೆ.

ತಿಪಟೂರಿನ ಖರೀದಿದಾರರಿಗಿಂತ ಗಟ್ಟಿಯಾದ ಪ್ರತಿಸ್ಪರ್ಧಿ ಬೆಳೆಗಾರರ ಮನೆಯ ಅಟ್ಟ. ಕಾಯಿಯ ದರ ಒಪ್ಪಿಗೆಯಾಗದಿದ್ದರೆ ರೈತರು ಕಾಯಿಯನ್ನು ಅಟ್ಟಕ್ಕೆ ಹಾಕುತ್ತಾರೆ. ಎಂಟು ಹತ್ತು ತಿಂಗಳು ಕಳೆದರೆ ಅದು ಉಂಡೆ ಕೊಬ್ಬರಿಯಾಗುತ್ತದೆ, ತಿಪಟೂರಿನ ಹರಾಜಿಗೆ ಹೋಗುತ್ತದೆ. ಅವರು ಕಾಯಬಲ್ಲರು. ಬ್ಯಾಂಕಿನ ಕಂತು ಕಟ್ಟಬೇಕಾದ ಡ್ರೈಯರ್ ಕಾಯಲಾರದು.

ಇಲ್ಲಿ ನಮ್ಮ ವಿದ್ಯಾರ್ಥಿಗಳು ಮಾಡುವ ಒಂದು ಗೊಂದಲವನ್ನು ಬಿಡಿಸಬೇಕು. 80,000 ಸಾಮರ್ಥ್ಯದ ಕಾರ್ಖಾನೆಗೆ 50,000 ಕಾಯಿ ಮಾತ್ರ ಬಂದು ಕಿಲೋವಿನ ಖರ್ಚು ಏರಿದರೆ, ಅದು ಅಪಮಿತವ್ಯಯವಲ್ಲ. ಅದು ಸಾಮರ್ಥ್ಯ ಖಾಲಿ ಉಳಿದದ್ದು. ಪತ್ತೆ ಮಾಡುವ ದಾರಿ ಸರಳ: ಕಾಯಿ ತುಂಬಿ ಬರುವ ತಿಂಗಳಿನ ಲೆಕ್ಕವನ್ನು ಮಾತ್ರ ತೆಗೆಯಿರಿ. ಕಾರ್ಖಾನೆ ಪೂರ್ತಿ ಓಡಿದ ಆ ತಿಂಗಳಲ್ಲೂ ಕಿಲೋವಿನ ಖರ್ಚು ಸಣ್ಣ ಘಟಕಕ್ಕಿಂತ ಹೆಚ್ಚಿದ್ದರೆ ಆಗ ಗಾತ್ರವೇ ರೋಗ. ಇಲ್ಲವಾದರೆ ರೋಗ ಕಾಯಿಯ ಪೂರೈಕೆಯಲ್ಲಿದೆ. ಒಂದರ ಮದ್ದು ಇನ್ನೊಂದಕ್ಕೆ ಹತ್ತುವುದಿಲ್ಲ.

ಬಟ್ಟಲಿನಾಕಾರದ ಗೆರೆ ಒಂದೇ ಸಲ ತಿರುಗುತ್ತದೆ ಎಂದೂ ನಂಬಬೇಡಿ. ಕಾಯಿ ನೀರನ್ನು ನೋಡಿ. ಬಲಿತ ಕಾಯಿಗೆ ನೂರು ಮಿಲಿಲೀಟರ್ ಎಂದರೂ 20,000 ಕಾಯಿಗೆ ದಿನಕ್ಕೆ 2,000 ಲೀಟರ್. ಸಕ್ಕರೆಯಂಶವಿರುವ ಈ ನೀರು ಹುಳಿತರೆ ಹಳ್ಳದ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಸಣ್ಣ ಪ್ರಮಾಣವಿದ್ದಾಗ ತೊಂದರೆ ಎದ್ದು ಕಾಣುವುದಿಲ್ಲ. 8,000 ಲೀಟರಾದಾಗ, ಅದರ ಮೇಲೆ ತೊಳೆದ ನೀರೂ ಸೇರಿದಾಗ, ಶುದ್ಧೀಕರಣ ಘಟಕವಿಲ್ಲದೆ ನಡೆಯದು, ಖರ್ಚು ಮೆಟ್ಟಿಲಿನಂತೆ ಒಮ್ಮೆಗೇ ಏರುತ್ತದೆ. ಇನ್ನೂ ದೊಡ್ಡದಾದರೆ ಅದೇ ನೀರಿನಿಂದ ವಿನಿಗರ್ ಮಾಡುವಷ್ಟು ಸರಕಾಗುತ್ತದೆ, ಖರ್ಚು ಮತ್ತೆ ಇಳಿಯುತ್ತದೆ. ಆ ಮೆಟ್ಟಿಲಿನ ನಡುವೆ ಸಿಕ್ಕಿಕೊಂಡ ಘಟಕಗಳದ್ದೇ ಎಲ್ಲಕ್ಕಿಂತ ಕಷ್ಟದ ಸ್ಥಿತಿ.

ಹಾಗಾದರೆ ಕಾರ್ಖಾನೆ ಎಷ್ಟು ದೊಡ್ಡದಿರಬೇಕು? ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಯನ್ನೇ ಒಡೆಯಬೇಕು. ಪ್ರತಿ ಹಂತಕ್ಕೂ ಅದರದೇ ಸರಿಯಾದ ಗಾತ್ರವಿದೆ. ಒಣಗಿಸುವುದಕ್ಕೆ ದೊಡ್ಡದು ಒಳ್ಳೆಯದು, ಚಿಪ್ಪು ಬಿಡಿಸುವುದಕ್ಕೆ ಸಣ್ಣದು. ಎಲ್ಲವನ್ನೂ ಒಂದೇ ಗೋಡೆಯೊಳಗೆ ಒಂದೇ ಅಳತೆಗೆ ಬೆಳೆಸಿದಾಗ ಒಂದರ ಲಾಭವನ್ನು ಇನ್ನೊಂದು ತಿನ್ನುತ್ತದೆ. ಇದೇ ಜಿಲ್ಲೆಯ ಹಾಲಿನ ವ್ಯವಸ್ಥೆಯನ್ನು ನೋಡಿ. ಕರೆಯುವುದು ಮನೆಮನೆಯಲ್ಲಿ, ಅಳೆಯುವುದು ಊರಿನ ಸಂಘದಲ್ಲಿ, ಡೈರಿ ಮಾತ್ರ ಹಾಸನದಲ್ಲಿ ದೊಡ್ಡದು. ಸಂಘ ಮತ್ತು ಡೈರಿಯ ನಡುವಿನ ಹೊತ್ತನ್ನು ಶೀತಲೀಕರಣ ಕಾಯುತ್ತದೆ. ಈ ಯೋಚನೆ ಹೊಸದೂ ಅಲ್ಲ: ಹತ್ತಿರಹತ್ತಿರ ನೆಲೆಸಿದ ಸಣ್ಣ ಘಟಕಗಳು ಮೆಕ್ಯಾನಿಕ್, ಲಾರಿ, ಮಂಡಿ ಇವುಗಳನ್ನು ಹಂಚಿಕೊಂಡು ದೊಡ್ಡದರ ಲಾಭವನ್ನೇ ಪಡೆಯಬಲ್ಲವು ಎಂದು ಆಲ್ಫ್ರೆಡ್ ಮಾರ್ಷಲ್ 1890ರಲ್ಲೇ ವಿವರಿಸಿದ್ದರು. ಅವರು ಇದನ್ನು ಬಾಹ್ಯ ಮಿತವ್ಯಯ ಎಂದರು.

ತೆಂಗಿನಲ್ಲೂ ಹಾಲಿನಂಥ ವ್ಯವಸ್ಥೆ ಸಾಧ್ಯವೇ ಎಂಬುದನ್ನು ಇವತ್ತಿನ ಗೋಷ್ಠಿಗಳು ಚರ್ಚಿಸಲಿ ಎಂಬುದು ನನ್ನ ಆಶಯ. ಐದಾರು ಊರುಗಳಲ್ಲಿ ಚಿಪ್ಪು ಬಿಡಿಸುವ ಸಣ್ಣ ಕೇಂದ್ರಗಳು, ನಡುವೆ ಒಂದು ದೊಡ್ಡ ಡ್ರೈಯರ್. ಹೆರೆಯದ, ಒಡೆಯದ ಉಂಡೆ ನಮ್ಮ ಬೇಸಿಗೆಯಲ್ಲಿ ಎಷ್ಟು ಗಂಟೆ ಕೆಡದೆ ಉಳಿಯುತ್ತದೆ ಎಂಬುದನ್ನು ಆಹಾರ ವಿಜ್ಞಾನದವರು ಅಳೆದು ಹೇಳಬೇಕು. ದಾರಿಯಲ್ಲಿ ಒಡೆದ ಉಂಡೆಯ ನಷ್ಟ ಕೇಂದ್ರದವರದೋ ಕಾರ್ಖಾನೆಯದೋ ಎಂಬುದನ್ನು ಮಾಲೀಕರು ಮತ್ತು ಬೆಳೆಗಾರರು ಕೂತು ತೀರ್ಮಾನಿಸಬೇಕು. ಬಂದಿರುವ ಮಾಲೀಕರಲ್ಲಿ ಒಂದು ಕೋರಿಕೆ: ಕಾರ್ಖಾನೆಯ ಹೆಸರು ಬೇಡ, ಕಾಯಿ ತುಂಬಿ ಬಂದ ಒಂದು ತಿಂಗಳಲ್ಲಿ ಕಿಲೋ ಪುಡಿಗೆ ತಗುಲಿದ ಕೂಲಿ, ಸಾಗಣೆ, ಯಂತ್ರದ ಖರ್ಚು, ಇವು ಮೂರನ್ನು ಒಂದು ಚೀಟಿಯಲ್ಲಿ ಬರೆದು ಮಧ್ಯಾಹ್ನದ ಗೋಷ್ಠಿಗೆ ಕೊಡಿ. ಅಷ್ಟು ಸಿಕ್ಕರೆ ಸಂಜೆಯ ಹೊತ್ತಿಗೆ ನಮ್ಮ ಸೀಮೆಯ ಗೆರೆಯನ್ನು ನಾವೇ ಬರೆಯಬಹುದು.