24 ಸಾವಿರದ ಬಿಲ್‌ಗೆ 18,400 ಬಂದದ್ದು ಯಾಕೆ? ಡಿಸೈನರ್‌ಗಳ ಬಿಲ್ ಜೊತೆ ಇರಬೇಕಾದ ಒಂದು ಪುಟ

ಇವತ್ತಿನ ಮಾತು ಮನೆಯಿಂದಲೇ ಡಿಸೈನ್ ಕೆಲಸ ಮಾಡೋ ಫ್ರೀಲ್ಯಾನ್ಸರ್‌ಗಳಿಗೆ. ಬಿಲ್ ಕಳಿಸ್ತೀರಿ, ದುಡ್ಡೂ ಬರುತ್ತೆ, ಆದರೆ ಬಿಲ್‌ನಲ್ಲಿದ್ದ ಮೊತ್ತ ಬರೋದಿಲ್ಲ. ಯಾಕೆ ಅಂತ ಕೇಳೋಕೆ ಸಂಕೋಚ. ಈ ಗೊಂದಲ ಬಹುಪಾಲು ತಪ್ಪಿಸೋದು ಬಿಲ್ ಜೊತೆ ಕಳಿಸೋ ಒಂದು ಪುಟದ ಪತ್ರ.

ಒಂದು ಲೆಕ್ಕ ತಗೊಳ್ಳೋಣ. ಚಿಕ್ಕಮಗಳೂರಿನ ಒಂದು ಕಾಫಿಪುಡಿ ಕಂಪನಿ ನಿಮ್ಮ ಹತ್ತಿರ ಲೋಗೊ ಮತ್ತು ಮೂರು ಪ್ಯಾಕೆಟ್‌ಗಳ ಡಿಸೈನ್ ಮಾಡಿಸ್ತಿದೆ ಅಂದ್ಕೊಳ್ಳಿ. ಒಟ್ಟು 80,000 ರೂಪಾಯಿ. ಶುರುವಿಗೆ 32,000, ಡಿಸೈನ್ ಒಪ್ಪಿಗೆಯಾದಾಗ 24,000, ಕೊನೆಯ ಫೈಲ್ ಕೊಟ್ಟಾಗ 24,000. ಮೊದಲ ಕಂತು ಪೂರ್ತಿ ಬಂತು. ಎರಡನೇ ಕಂತಿಗೆ ಬಂದದ್ದು 18,400.

ಕಂಪನಿಯವರು ಮೋಸ ಮಾಡಿಲ್ಲ, ಟಿಡಿಎಸ್ ಹಿಡಿದಿದ್ದಾರೆ. ವೃತ್ತಿಪರ ಸೇವೆಗೆ ಒಂದು ಆರ್ಥಿಕ ವರ್ಷದಲ್ಲಿ ಒಬ್ಬರಿಗೆ ಕೊಡೋ ಮೊತ್ತ 50,000 ದಾಟಿದರೆ ಕಂಪನಿ ಶೇ. 10ರಷ್ಟು ಹಿಡಿಯಬೇಕು. ಈ ಮಿತಿ 2025ರ ಏಪ್ರಿಲ್‌ಗೆ ಮುಂಚೆ 30,000 ಇತ್ತು. ಮೊದಲ ಬಿಲ್ ನೋಡಿದ ಅಕೌಂಟ್ಸ್‌ನವರಿಗೆ ಕಂಡದ್ದು 32,000 ಮಾತ್ರ, ಹಾಗಾಗಿ ಹಿಡಿಯಲಿಲ್ಲ. ಎರಡನೇ ಬಿಲ್ ಬಂದಾಗ ಒಟ್ಟು 56,000 ಆಯ್ತು. ಆಗ ಇಡೀ 56,000ದ ಮೇಲೆ, ಅಂದ್ರೆ 5,600 ರೂಪಾಯಿಯನ್ನ ಒಂದೇ ಸಲ ಹಿಡಿದ್ರು. ಆ ತಿಂಗಳ ಬಾಡಿಗೆಯನ್ನ ಈ ದುಡ್ಡಲ್ಲೇ ಕಟ್ಟಬೇಕು ಅಂದ್ಕೊಂಡಿದ್ದವರಿಗೆ ಇದು ಸಣ್ಣ ವ್ಯತ್ಯಾಸ ಅಲ್ಲ.

ಪತ್ರ ಕೆಲಸಕ್ಕೆ ಬರೋದು ಇಲ್ಲೇ. ಕೆಲಸ ಕೊಟ್ಟವರು ಮಾರ್ಕೆಟಿಂಗ್‌ನವರು, ದುಡ್ಡು ಹಾಕೋರು ಅಕೌಂಟ್ಸ್‌ನವರು. ಇವರಿಗೆ ಅವರ ಮಾತುಕತೆ ಗೊತ್ತಿರಲ್ಲ. ಅದಕ್ಕೆ ಮೊದಲ ಬಿಲ್‌ನಲ್ಲೇ ಹೀಗೆ ಬರೀರಿ: “ಲೋಗೊ ಒಂದು, ಪ್ಯಾಕೆಟ್ ಡಿಸೈನ್ ಮೂರು, ಎರಡು ಸುತ್ತಿನ ತಿದ್ದುಪಡಿ ಸೇರಿ ಒಟ್ಟು 80,000. ಇದು ಮೂರರಲ್ಲಿ ಮೊದಲ ಕಂತು, 32,000. ಮುಂದಿನವು 24,000 ಮತ್ತು 24,000.” ಒಟ್ಟು ಗೊತ್ತಾದರೆ ವರ್ಷದ ಮಿತಿ ದಾಟುತ್ತೆ ಅನ್ನೋದೂ ಅವರಿಗೆ ಗೊತ್ತಾಗುತ್ತೆ, ಮೊದಲ ಕಂತಿನಿಂದಲೇ ಹಿಡೀತಾರೆ. ಆಗ ಕೈಗೆ ಬರೋದು 28,800, 21,600, 21,600. ಒಟ್ಟು 72,000. ಮಧ್ಯದಲ್ಲಿ ಆಘಾತ ಇಲ್ಲ. ತಿದ್ದುಪಡಿ ಎಷ್ಟು ಸುತ್ತು ಅಂತ ಬರೆದಿರೋದರಿಂದ, ಮೂರನೇ ಸುತ್ತಿಗೆ ಬೇರೆ ಬಿಲ್ ಕೇಳೋಕೂ ದಾರಿ ಇರುತ್ತೆ.

ಮುಂದೆ ತೆರಿಗೆಯ ಸಾಲುಗಳು. ಪ್ಯಾನ್ ಸಂಖ್ಯೆ ಇರಲೇಬೇಕು. ಇಲ್ಲದಿದ್ದರೆ ಶೇ. 10ರ ಬದಲು 20 ಹಿಡೀತಾರೆ. ಕೆಲವು ಕಂಪನಿಗಳು ಡಿಸೈನನ್ನ ಗುತ್ತಿಗೆ ಕೆಲಸ ಅಂತ ಲೆಕ್ಕ ಹಾಕಿ ಶೇ. 1 ಹಿಡಿಯೋದೂ ಉಂಟು. ಯಾವುದು ಅಂತ ಮೊದಲೇ ಕೇಳ್ಕೊಳ್ಳಿ.

ಜಿಎಸ್‌ಟಿ ಬಗ್ಗೆ ಒಂದು ಸಾಲು ಸಾಕು. ಕರ್ನಾಟಕದಲ್ಲಿ ಸೇವೆ ಕೊಡೋರ ವರ್ಷದ ವಹಿವಾಟು 20 ಲಕ್ಷ ದಾಟದಿದ್ದರೆ ಸಾಮಾನ್ಯವಾಗಿ ನೋಂದಣಿ ಬೇಡ. ನೋಂದಣಿ ಇಲ್ಲದೆ ಜಿಎಸ್‌ಟಿ ವಸೂಲಿ ಮಾಡೋ ಹಾಗಿಲ್ಲ. “ನೋಂದಣಿ ಇಲ್ಲ, ಜಿಎಸ್‌ಟಿ ಹಾಕಿಲ್ಲ” ಅಂತ ಬರೆದರೆ, ಜಿಎಸ್‌ಟಿ ನಂಬರ್ ಎಲ್ಲಿ ಅಂತ ಬಿಲ್ ವಾಪಸ್ ಬರಲ್ಲ. ನೋಂದಣಿ ಇರುವವರು ಶೇ. 18 ಅನ್ನ ಬೇರೆ ಸಾಲಿನಲ್ಲಿ ತೋರಿಸಿ. ಹಾಗೆ ತೋರಿಸಿದರೆ ಟಿಡಿಎಸ್ ಬರೋದು ಮೂಲ ಶುಲ್ಕದ ಮೇಲೆ ಮಾತ್ರ.

ಕೊನೆಗೆ ಬ್ಯಾಂಕ್ ವಿವರ. ಖಾತೆ ಸಂಖ್ಯೆಯನ್ನ ಪಾಸ್‌ಬುಕ್ ನೋಡಿ ಎರಡು ಸಲ ತಾಳೆ ಮಾಡಿ. ನೆಫ್ಟ್‌ನಲ್ಲಿ ದುಡ್ಡು ಹೋಗಿ ಸೇರೋದು ಹೆಸರು ನೋಡಿ ಅಲ್ಲ, ಸಂಖ್ಯೆ ನೋಡಿ. ಐಎಫ್‌ಎಸ್‌ಸಿ ಕೋಡ್‌ನಲ್ಲಿ ಹನ್ನೊಂದು ಅಕ್ಷರ-ಅಂಕಿ ಇರುತ್ತೆ, ಐದನೆಯದು ಯಾವಾಗಲೂ ಸೊನ್ನೆ. ಅಲ್ಲಿ ಇಂಗ್ಲಿಷಿನ ‘ಓ’ ಅಕ್ಷರ ಟೈಪ್ ಆಗಿದ್ದರೆ ತಪ್ಪು. ಇನ್ನೊಂದು ಸಾಲು ಸೇರಿಸಿ: “ಖಾತೆ ಬದಲಾಗಿದೆ ಅಂತ ನನ್ನ ಹೆಸರಲ್ಲಿ ಮೇಲ್ ಬಂದರೆ, ಫೋನ್ ಮಾಡಿ ಕೇಳದೆ ದುಡ್ಡು ಹಾಕಬೇಡಿ.” ಮೇಲ್ ಹ್ಯಾಕ್ ಮಾಡಿ ಖಾತೆ ಬದಲಿಸೋ ವಂಚನೆಗೆ ಇದು ತಡೆ.

ದುಡ್ಡು ಹಾಕಿದ ಮೇಲೆ ಯುಟಿಆರ್ ಸಂಖ್ಯೆ ಮತ್ತು ಹಿಡಿದ ಟಿಡಿಎಸ್ ಮೊತ್ತ ತಿಳಿಸಿ ಅಂತಲೂ ಕೇಳಿ. ಕಂಪನಿ ಮೂರು ತಿಂಗಳಿಗೊಮ್ಮೆ ಟಿಡಿಎಸ್ ಲೆಕ್ಕ ಸಲ್ಲಿಸುತ್ತೆ. ಆಮೇಲೆ ಆದಾಯ ತೆರಿಗೆ ಪೋರ್ಟಲ್‌ನಲ್ಲಿ ನಿಮ್ಮ ಪ್ಯಾನ್ ಎದುರು ಆ 8,000 ಕಾಣಬೇಕು. ಕಂಡರೆ ರಿಟರ್ನ್ಸ್ ಹಾಕುವಾಗ ಅದು ನಿಮ್ಮ ತೆರಿಗೆಗೆ ಹೊಂದಿಕೆ ಆಗುತ್ತೆ, ಹೆಚ್ಚಿದ್ದರೆ ವಾಪಸ್ ಬರುತ್ತೆ. ಕಾಣದಿದ್ದರೆ ಆ ಪತ್ರ, ಆ ಯುಟಿಆರ್ ಇಟ್ಕೊಂಡು ಅಕೌಂಟ್ಸ್‌ನವರನ್ನ ಕೇಳಿ. ಕೈಯಲ್ಲಿ ಲೆಕ್ಕ ಇದ್ದರೆ ಸಂಕೋಚ ಬೇಕಾಗಲ್ಲ.